‘ತೊಂದರೆ ಆಗಿದ್ದರೆ’ ಎನ್ನುವ ಮಾತು

ಕಳೆದ ಭಾನುವಾರ ತಮ್ಮನ ನಿಶ್ಚಿತಾರ್ಥ ಮುಗಿಸಿ ನೆಂಟರೆಲ್ಲ ನಮ್ಮ ಮನೆಗೇ ಬಂದರು. ಊಟ, ಹಾಡು, ಅಂತ್ಯಾಕ್ಷರಿ. ರಾತ್ರಿ ಹನ್ನೊಂದೂಕಾಲಿಗೆ ಕೆಳಮನೆಯ ಅಕ್ಕ ಮೇಲೆ ಬಂದು, ‘ಸ್ವಲ್ಪ ಮೆಲ್ಲಗೆ’ ಎಂದರು. ‘ಐದೇ ನಿಮಿಷ ಅಕ್ಕ’ ಎಂದೆ. ಮುಗಿದಾಗ ಹನ್ನೆರಡೂವರೆ. ಆಕೆ ಆಸ್ಪತ್ರೆಯಲ್ಲಿ ನರ್ಸ್, ಬೆಳಗಿನ ಪಾಳಿಗೆಂದು ಐದಕ್ಕೇ ಏಳುವವರು.

ಮರುದಿನ ಬೆಳಿಗ್ಗೆ ವಾಟ್ಸಾಪ್‌ನಲ್ಲಿ ಹೀಗೆ ಬರೆದೆ: ‘ನಿನ್ನೆ ಸ್ವಲ್ಪ ಗಲಾಟೆ ಆಯಿತು. ನಿಮಗೆ ತೊಂದರೆ ಆಗಿದ್ದರೆ ಕ್ಷಮಿಸಿ. ನೆಂಟರು ಬಂದಿದ್ದರು, ಬೇಜಾರು ಮಾಡಿಕೊಳ್ಳಬೇಡಿ.’

ಕಳಿಸುವ ಮುಂಚೆ ಇನ್ನೊಮ್ಮೆ ಓದಿದೆ, ಮನಸ್ಸು ಒಪ್ಪಲಿಲ್ಲ. ಗಲಾಟೆ ಮಳೆಯ ಹಾಗೆ ತಾನಾಗಿಯೇ ‘ಆಗಿ’ಬಿಟ್ಟಿದೆ, ಮಾಡಿದವರು ಯಾರೂ ಇಲ್ಲ. ‘ಆಗಿದ್ದರೆ’ ಎಂದರೆ ಆಗಿಲ್ಲದೆಯೂ ಇರಬಹುದು ಎಂದಂತೆ. ಬಾಗಿಲಿಗೇ ಬಂದು ಹೇಳಿದವರಿಗೆ ಆ ಅನುಮಾನದ ಮಾತೇಕೆ? ಬೇಜಾರು ಬಿಡುವ ಹೊಣೆಯೂ ಅವರದೇ ಆಯಿತು. ಎಲ್ಲಕ್ಕಿಂತ ಮುಖ್ಯವಾದ ‘ಐದೇ ನಿಮಿಷ’ದ ಸುದ್ದಿಯಂತೂ ಅದರಲ್ಲಿ ಇರಲೇ ಇಲ್ಲ. ಹಾಡಿಗಿಂತ ನೋಯಿಸಿದ್ದು ಅದೇ ಇರಬೇಕು.

ಅಳಿಸಿ, ಕಾಗದದ ಮೇಲೆ ಮತ್ತೆ ಬರೆದೆ:

‘ಅಕ್ಕ, ನಿನ್ನೆ ಹನ್ನೆರಡೂವರೆಯವರೆಗೆ ನಾವು ಗಲಾಟೆ ಮಾಡಿದೆವು. ನೀವು ಬಂದು ಹೇಳಿದ ಮೇಲೂ ಐದು ನಿಮಿಷ ಅಂದು ಮಾತು ತಪ್ಪಿದೆ. ಡ್ಯೂಟಿ ಇದ್ದ ದಿನವೇ ನಿಮ್ಮ ನಿದ್ದೆ ಕೆಡಿಸಿದೆ. ತಪ್ಪು ನನ್ನದು, ಕ್ಷಮಿಸಿ. ಇನ್ನು ಮುಂದೆ ಜನ ಸೇರಿದರೆ ಎರಡು ದಿನ ಮೊದಲೇ ತಿಳಿಸುತ್ತೇನೆ, ಹತ್ತಕ್ಕೆ ಹಾಡು ನಿಲ್ಲಿಸುತ್ತೇನೆ. ಕುರ್ಚಿ ಕಾಲಿಗೆ ರಬ್ಬರ್ ಬುಷ್ ಹಾಕುತ್ತೇನೆ. ಆಮೇಲೂ ಸದ್ದು ಕೇಳಿದರೆ ಎಷ್ಟು ಹೊತ್ತಾದರೂ ಫೋನ್ ಮಾಡಿ, ನಾನೇ ಎತ್ತುತ್ತೇನೆ.’

‘ಇನ್ನೆಂದೂ ಸದ್ದು ಮಾಡುವುದಿಲ್ಲ’ ಎಂದು ಬರೆಯಲಿಲ್ಲ. ಸಂಸಾರವಿರುವ ಮನೆಯಲ್ಲಿ ಅದು ಉಳಿಸಿಕೊಳ್ಳಲಾಗದ ಮಾತು. ಹತ್ತು ಗಂಟೆ ಎಂದದ್ದಕ್ಕೆ ಆಧಾರವಿದೆ: 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ವಸತಿ ಪ್ರದೇಶದ ಮಿತಿ 45 ಡೆಸಿಬಲ್, ಹಗಲಿಗಿಂತ 10 ಕಡಿಮೆ. ಆದರೆ ಕಾಯ್ದೆಯ ಮಾತನ್ನು ಚೀಟಿಯಲ್ಲಿ ತರಲಿಲ್ಲ. ಅಕ್ಕನ ನಿದ್ದೆಗೆ ಕಾಯ್ದೆ ಯಾಕೆ ಬೇಕು? ಕುರ್ಚಿಯ ಮಾತು ಮಾತ್ರ ಬೇಕೇ ಇತ್ತು. ಹಾಡು ಕಿಟಕಿ ಮುಚ್ಚಿದರೆ ತಗ್ಗುತ್ತದೆ, ಕುರ್ಚಿ ಎಳೆದ ಸದ್ದು ನೆಲದ ಕಾಂಕ್ರೀಟಿನೊಳಗೇ ಹಾದು ಕೆಳಮನೆಯ ತಲೆಯ ಮೇಲೆ ಬೀಳುತ್ತದೆ.

ಅಪಾರ್ಟ್‌ಮೆಂಟ್ ಗ್ರೂಪಿಗೆ ಹಾಕಲಿಲ್ಲ. ನೂರು ಜನರ ಮುಂದೆ ಕೇಳಿದರೆ ಅವರು ‘ಪರವಾಗಿಲ್ಲ’ ಎನ್ನಲೇಬೇಕಾಗುತ್ತದೆ. ಪಾಳಿ ಮುಗಿಸಿ ಬಂದು ಒಂದಿಷ್ಟು ಮಲಗೆದ್ದಿರಲಿ ಎಂದು ಕಾದು, ಸಂಜೆ ಐದೂವರೆಗೆ ಚೀಟಿ ಹಿಡಿದು ಇಳಿದೆ. ಅಕ್ಕ ಬಾಗಿಲಲ್ಲೇ ನಿಂತು ಓದಿದರು. ‘ಐದು ನಿಮಿಷ ಅಂದ್ರಲ್ಲ, ಅದನ್ನೇ ನಂಬಿ ಕಾಯ್ತಾ ಮಲಗಿದ್ದೆ’ ಎಂದರು. ನಾನು ಸಮಜಾಯಿಷಿ ಹೇಳಲಿಲ್ಲ.

ಆರು ಕುರ್ಚಿಗೆ 24 ಬುಷ್. ಅಂದು ರಾತ್ರಿ ಊಟಕ್ಕೆ ಮುಂಚೆ ಹಾಕಿ ಮುಗಿಸಿದೆ.