‘ಆಮಿಷ’ ಅಂತ ಮೊದಲೇ ಬರೆದಿಟ್ಟುಕೊಂಡರೆ

ಮತ ಬದಲಿಸಿದವರ ಮಾತು ಕೇಳಿ ಅಧ್ಯಯನ ಮಾಡುವವರು ಸಂದರ್ಶನವನ್ನೆಲ್ಲ ಬರಹಕ್ಕಿಳಿಸಿ ಎನ್‌ವಿವೋ ಎಂಬ ಸಾಫ್ಟ್‌ವೇರಿಗೆ ಹಾಕುತ್ತಾರೆ. ಆಮೇಲೆ ಒಂದೊಂದು ಸಾಲನ್ನೂ ಆರಿಸಿ ಅದಕ್ಕೊಂದು ಹೆಸರಿನ ಚೀಟಿ ಅಂಟಿಸುತ್ತಾರೆ. ಈ ಚೀಟಿಗೇ ಕೋಡ್ ಅನ್ನುವುದು. ಯಾವ ಸಾಲಿಗೆ ಯಾವ ಚೀಟಿ ಅಂತ ತೀರ್ಮಾನಿಸುವವರು ಮನುಷ್ಯರೇ. ನನ್ನ ತಕರಾರು ಇರುವುದು ಆ ಚೀಟಿಯ ಹೆಸರಿನ ಬಗ್ಗೆ.

ಉದಾಹರಣೆಗೆ ಒಬ್ಬ ಹೆಂಗಸು ಹೀಗೆ ಹೇಳಿದಳು ಅಂದುಕೊಳ್ಳಿ: “ಯಜಮಾನ್ರು ಹಾಸಿಗೆ ಹಿಡಿದಾಗ ಅವರು ಅಕ್ಕಿ ತಂದುಕೊಟ್ರು, ರಾತ್ರಿಯೆಲ್ಲ ಜೊತೆಗೆ ಕೂತ್ರು. ನಮ್ಮೋರು ಯಾರೂ ಬಾಗಿಲಿಗೆ ಬರಲಿಲ್ಲ. ಅದಾಗಿ ಮೂರು ವರ್ಷಕ್ಕೆ ನಾನು ದೀಕ್ಷಾಸ್ನಾನ ತಗೊಂಡೆ.”

ಕೋಡ್‌ಗಳ ಪಟ್ಟಿಯಲ್ಲಿ ಮೊದಲೇ ‘ಆಮಿಷ’ ಅಂತ ಇದ್ದರೆ ಕೈ ನೇರವಾಗಿ ಅಕ್ಕಿಯ ಸಾಲಿಗೆ ಹೋಗುತ್ತದೆ. ಬಾರದ ಬಂಧುಗಳು, ನಡುವಿನ ಮೂರು ವರ್ಷ ಎರಡೂ ಹೊರಗೇ ಉಳಿಯುತ್ತವೆ. ಅದೂ ಅಲ್ಲದೆ, ಆಮಿಷ ಎಂಬುದು 2022ರಲ್ಲಿ ಕರ್ನಾಟಕ ತಂದ ಮತಾಂತರ ಕಾಯ್ದೆಯ ಪದ. ಆಕೆಯ ಬಾಯಲ್ಲಿ ಬಾರದ ಕಾನೂನಿನ ಪದವನ್ನು ಆಕೆಯ ಕತೆಗೆ ಅಂಟಿಸಿದರೆ ಅಧ್ಯಯನ ಶುರುವಾಗುವ ಮೊದಲೇ ತೀರ್ಪು ಬರೆದಂತೆ. ‘ದೇವರ ಕರೆ’ ಅಂತ ಮೊದಲೇ ಬರೆದಿಟ್ಟುಕೊಳ್ಳುವುದೂ ಅಂಥದ್ದೇ ತೀರ್ಪು.

ಸಾಫ್ಟ್‌ವೇರಿನಲ್ಲೇ ಇದಕ್ಕೊಂದು ದಾರಿ ಇದೆ. ಮಾತನ್ನು ಆರಿಸಿ `Code In Vivo` ಒತ್ತಿದರೆ, ಆಡಿದ ಮಾತೇ ಕೋಡಿನ ಹೆಸರಾಗುತ್ತದೆ. ‘ರಾತ್ರಿಯೆಲ್ಲ ಜೊತೆಗೆ ಕೂತ್ರು’, ‘ನಮ್ಮೋರು ಯಾರೂ ಬಾಗಿಲಿಗೆ ಬರಲಿಲ್ಲ’ ಹೀಗೆ. ಮೊದಲ ನಾಲ್ಕೈದು ಸಂದರ್ಶನಗಳಿಗಾದರೂ ಹೀಗೇ ಮಾಡಬೇಕು. ಒಂದೇ ಸಾಲಿಗೆ ಎರಡು ಮೂರು ಕೋಡ್ ಬಿದ್ದರೂ ತಪ್ಪಲ್ಲ. ಪಟ್ಟಿ ಉದ್ದವಾಗುತ್ತದೆ, ತಲೆನೋವೂ ಹೌದು. ಆಮೇಲೆ ಒಂದೇ ಬಗೆಯವನ್ನು ‘ಕಷ್ಟದಲ್ಲಿ ಯಾರು ಬಂದರು’ ಅನ್ನುವಂಥ ಒಂದು ಹೆಸರಿನಡಿ ಸೇರಿಸಿ, ಏನು ಇಲ್ಲಿಗೆ ಸೇರುತ್ತದೆ, ಏನು ಸೇರುವುದಿಲ್ಲ ಅಂತ ವಿವರಣೆಯ ಜಾಗದಲ್ಲಿ ಬರೆದಿಡಬೇಕು. ಇನ್ನೊಬ್ಬರು “ಬಂದರೆ ಮಗನ ಫೀಸು ಕಟ್ತೀವಿ ಅಂದ್ರು” ಅಂದಿದ್ದರೆ ಅದು ಬೇರೆ ಕೋಡ್. ಅದನ್ನು ಮುಚ್ಚಿಡುವುದೂ ಸರಿಯಲ್ಲ.

ಇನ್ನೊಂದು ಮಾತು. ಇವೆಲ್ಲ ಇವತ್ತು ನಿಂತು ಹಿಂದಕ್ಕೆ ನೋಡಿ ಹೇಳುವ ಕತೆಗಳು. ಇಂಗ್ಲೆಂಡಿನ ಸಮಾಜಶಾಸ್ತ್ರಜ್ಞ ಜೇಮ್ಸ್ ಬೆಕ್‌ಫರ್ಡ್ ಯೆಹೋವನ ಸಾಕ್ಷಿಗಳ ಬಗ್ಗೆ 1978ರಲ್ಲಿ ಬರೆದಾಗ ಇದನ್ನೇ ತೋರಿಸಿದರು: ಸೇರಿದ ಪಂಥ ಕಲಿಸಿದ ರೀತಿಯಲ್ಲೇ ಜನ ತಮ್ಮ ಕತೆಯನ್ನು ಜೋಡಿಸಿ ಹೇಳುತ್ತಾರೆ. ಅದು ಸುಳ್ಳು ಅಂತಲ್ಲ. ಆದರೆ ‘ನಡೆದದ್ದು’ ಒಂದು ಕೋಡ್, ‘ಈಗ ಅದಕ್ಕೆ ಕೊಡುವ ಅರ್ಥ’ ಇನ್ನೊಂದು ಕೋಡ್ ಆಗಬೇಕು. ಅಕ್ಕಿ ಬಂದದ್ದು ಮೊದಲನೆಯದು. “ಅವತ್ತೇ ದೇವರು ಕರೆದ” ಅಂದರೆ ಎರಡನೆಯದು.

ಕೊನೆಗೆ ಲೆಕ್ಕ. ಕೋಡಿನ ಪಕ್ಕ `Files`, `References` ಅಂತ ಎರಡು ಅಂಕಿ ಕಾಣುತ್ತವೆ. ಎಷ್ಟು ಸಂದರ್ಶನದಲ್ಲಿ ಬಂತು ಅನ್ನುವುದು ಮೊದಲನೆಯದು, ಒಟ್ಟು ಎಷ್ಟು ಸಲ ಬಂತು ಅನ್ನುವುದು ಎರಡನೆಯದು. ಒಬ್ಬರೇ ಹನ್ನೆರಡು ಸಲ ಹೇಳಿದರೂ `References` 12 ಆಗುತ್ತದೆ. ವರದಿಯಲ್ಲಿ ‘12 ಕಡೆ ಆಮಿಷ’ ಅಂತ ಓದಿದರೆ, ಎಷ್ಟು ಜನ ಹೇಳಿದರು, ಆ ಹೆಸರು ಕೊಟ್ಟವರು ಯಾರು ಅಂತ ಕೇಳಿ.