ಫೌಂಡರ್ ಹೆಸರಲ್ಲಿ ಬರೆಯೋದು: 25 ನಿಮಿಷದ ಮಾತಿಂದ ಎಷ್ಟು ಬರೀಬಹುದು?

1/5

ನಮ್ಮ ಬ್ಯಾಚಲ್ಲಿ ಕಂಟೆಂಟ್ ಇಂಟರ್ನ್‌ಶಿಪ್ ಅಂತ ಹೋದವರಲ್ಲಿ ಸುಮಾರು ಜನ ಮಾಡ್ತಿರೋದು ಇದೇ ಕೆಲಸ. ಒಬ್ಬ ಫೌಂಡರ್ ಜೊತೆ ಅರ್ಧ ಗಂಟೆ ಫೋನು, ವಾಟ್ಸಾಪ್‌ನಲ್ಲಿ ನಾಲ್ಕೈದು ಸಾಲು ನೋಟ್ಸು, ಆಮೇಲೆ ಅವರ ಹೆಸರಲ್ಲಿ ಲಿಂಕ್ಡ್‌ಇನ್‌ಗೆ 800 ಪದದ ಲೇಖನ. ಇದಕ್ಕೆ ‘ಥಾಟ್ ಲೀಡರ್‌ಶಿಪ್’ ಅಂತ ದೊಡ್ಡ ಹೆಸರು. ಕೇಳಿದವರೆಲ್ಲ ಮೊದಲು ಕೇಳೋ ಪ್ರಶ್ನೆ ಒಂದೇ: ಇದು ಮೋಸ ಅಲ್ವಾ?

ಯಾವಾಗಲೂ ಅಲ್ಲ ಅನ್ನೋದು ನನ್ನ ಅಭಿಪ್ರಾಯ. ಆದರೆ ಮೋಸ ಆಗೋ ಜಾಗ ಒಂದಿದೆ, ಅದನ್ನ ಬೆರಳಿಟ್ಟು ತೋರಿಸಬಹುದು.

ಅಮೆರಿಕದ ಅಧ್ಯಕ್ಷ ಕೆನಡಿಯ ಭಾಷಣಗಳಿಗೆ ಟೆಡ್ ಸೊರೆನ್‌ಸನ್ ಅನ್ನೋರು ಬರೀತಿದ್ರು. ಅದು ಗುಟ್ಟೇನಾಗಿರಲಿಲ್ಲ, ಯಾರೂ ಅಷ್ಟಾಗಿ ತಲೆ ಕೆಡಿಸ್ಕೊಳ್ಳಲೂ ಇಲ್ಲ. ಆದರೆ ಕೆನಡಿ ಹೆಸರಲ್ಲಿ ಬಂದ ‘ಪ್ರೊಫೈಲ್ಸ್ ಇನ್ ಕರೇಜ್’ ಪುಸ್ತಕಕ್ಕೆ 1957ರಲ್ಲಿ ಪುಲಿಟ್ಜರ್ ಬಂದಾಗ ದೊಡ್ಡ ಗಲಾಟೆ ಆಯ್ತು. ಬಹುತೇಕ ಅಧ್ಯಾಯಗಳ ಮೊದಲ ಕರಡು ತಾನೇ ಬರೆದಿದ್ದು ಅಂತ ಸೊರೆನ್‌ಸನ್ 2008ರ ಆತ್ಮಕಥೆಯಲ್ಲಿ ಒಪ್ಪಿಕೊಂಡ್ರು. ಇಬ್ಬರೂ ಅದೇ ಜನ, ಕೆಲಸವೂ ಹೆಚ್ಚುಕಮ್ಮಿ ಅದೇ. ಓದೋನ ನಿರೀಕ್ಷೆ ಮಾತ್ರ ಬೇರೆ. ಭಾಷಣ ಅಂದ್ರೆ ಯಾರೋ ಬರೆದುಕೊಟ್ಟಿರ್ತಾರೆ ಅಂತ ಎಲ್ಲರಿಗೂ ಗೊತ್ತು. ಪುಸ್ತಕ ಅಂದ್ರೆ ಅದರೊಳಗಿನ ಯೋಚನೆ ಬರೆದವನದೇ ಅಂತ ನಂಬ್ತೀವಿ.

ಫೌಂಡರ್ ಲೇಖನ ಇವೆರಡರ ಮಧ್ಯೆ ಬರುತ್ತೆ. ವಾಕ್ಯ ಚಂದ ಇದೆಯಾ ಅಂತ ನೋಡೋಕೆ ಯಾರೂ ಅದನ್ನ ಓದಲ್ಲ. ಈ ಮನುಷ್ಯನಿಗೆ ತನ್ನ ವ್ಯಾಪಾರ ಗೊತ್ತಾ ಅಂತ ಓದ್ತಾರೆ. ದುಡ್ಡು ಹಾಕೋನು, ಕೆಲಸಕ್ಕೆ ಸೇರೋನು, ಟೆಂಡರ್ ನೋಡೋ ಅಧಿಕಾರಿ, ಎಲ್ಲರೂ. ಹಾಗಾಗಿ ವಾಕ್ಯ ನಂದಿರಬಹುದು, ಕಂಡಿದ್ದು ಮತ್ತು ನಂಬಿದ್ದು ಅವರದ್ದೇ ಆಗಿರಬೇಕು. 25 ನಿಮಿಷದ ಮಾತಲ್ಲಿ 800 ಪದಕ್ಕೆ ಆಗೋಷ್ಟು ಸರಕು ಸಿಗಲಿಲ್ಲ ಅಂದಾಗ ಆ ಗ್ಯಾಪ್‌ನ ಯಾರು ತುಂಬ್ತಾರೆ? ನಾನು ಹೇಳಿದ ಜಾಗ ಅದೇ.

2/5

ನಾನು ಮಾಡಿದ ಒಂದು ಕೆಲಸ ಹೇಳ್ತೀನಿ. ಗದಗ ಕಡೆಯ ಒಬ್ಬ ಮೇಡಂ, ಸೋಲಾರ್ ಪಂಪ್ ಹಾಕಿ ರಿಪೇರಿ ಮಾಡೋ ಸಣ್ಣ ಕಂಪನಿ. ಅವರು ಕಳಿಸಿದ ನೋಟ್ಸ್ ಇಷ್ಟೇ: “ಸೋಲಾರ್ ಕ್ರಾಂತಿ. ಸರ್ವಿಸ್ ಯಾರೂ ನೋಡಲ್ಲ. ಡ್ರೈ ರನ್. ಹುಡುಗರಿಗೆ ಟ್ರೇನಿಂಗ್. ಫ್ಯೂಚರ್?”

ಈ ಐದರಲ್ಲಿ ಮೊದಲನೇದನ್ನ ಯಾರು ಬೇಕಾದ್ರೂ ಬರೀಬಹುದು. ಕೊನೇದು ಪ್ರಶ್ನೆ, ಅವರಿಗೇ ಉತ್ತರ ಗೊತ್ತಿಲ್ಲ. ಮಧ್ಯದ ಮೂರರ ಒಳಗೆ ಏನೋ ಇದೆ ಅನ್ನಿಸ್ತು.

ಇಂಟರ್ವ್ಯೂನ “ನಿಮ್ಮ ವಿಷನ್ ಏನು ಮೇಡಂ?” ಅಂತ ಶುರು ಮಾಡಬೇಡಿ. ಅದಕ್ಕೆ ಎಲ್ಲ ಫೌಂಡರ್ ಹತ್ರನೂ ಬಾಯಿಪಾಠ ಆದ ಉತ್ತರ ಇರುತ್ತೆ, ಬ್ಯಾಂಕಿನವರ ಮುಂದೆ ಹೇಳಿ ಹೇಳಿ ಸವೆದಿರುತ್ತೆ. ಅದರಲ್ಲೇ ಐದಾರು ನಿಮಿಷ ಹೋಗಿಬಿಡುತ್ತೆ. ನಾನು ಕೇಳಿದ್ದು, “ನಿನ್ನೆ ಕೊನೇ ಕಂಪ್ಲೇಂಟ್ ಕಾಲ್ ಯಾವುದು ಬಂತು ಮೇಡಂ?” ಅಂತ. ಹದಿನಾಲ್ಕನೇ ನಿಮಿಷಕ್ಕೆ ಈ ಮಾತು ಬಂತು:

“ರೈತ ಮೋಟರ್ ಸುಟ್ಟೇತಿ ಅಂತ ಫೋನ್ ಮಾಡ್ತಾನ್ರೀ. ನಮ್ಮ ಹುಡುಗ ನಲವತ್ತು ಕಿಲೋಮೀಟರ್ ಗಾಡಿ ಹೊಡ್ಕೊಂಡು ಹೋಗ್ತಾನ. ನೋಡಿದ್ರ ಮೋಟರ್ ಸುಟ್ಟಿಲ್ಲ ಏನಿಲ್ಲ. ಬೋರ್‌ನ್ಯಾಗ ನೀರ ಕೆಳಗ ಹೋಗೇತಿ, ಕಂಟ್ರೋಲರ್ ತಾನ ಬಂದ್ ಆಗೇತಿ.”

ಇದೇ ಅವರ ನೋಟ್ಸಿನ ‘ಡ್ರೈ ರನ್’. ನೀರಿಲ್ಲದೆ ಪಂಪ್ ತಿರುಗಿದ್ರೆ ಹಾಳಾಗುತ್ತೆ, ಅದಕ್ಕೆ ಕಂಟ್ರೋಲರ್ ತಾನಾಗೇ ನಿಲ್ಲಿಸುತ್ತೆ. ಅದು ಕೆಟ್ಟಿದ್ದಲ್ಲ, ಕಾಪಾಡಿದ್ದು. ರೈತನಿಗೆ ಕಾಣೋದು ಮಾತ್ರ ನಿಂತ ಪಂಪು.

ಇಲ್ಲಿ ನಾನು ಬಾಯಿ ಮುಚ್ಚಿಕೊಂಡು ಸುಮ್ಮನಿದ್ದೆ. ಇದೂ ಒಂದು ವಿದ್ಯೆ ಕಣ್ರೋ, ಫೋನಲ್ಲಿ ಮೂರು ಸೆಕೆಂಡ್ ಸುಮ್ಮನಿರೋದು ಎಷ್ಟು ಕಷ್ಟ ಅಂತ ಮಾಡಿ ನೋಡಿ. ಅವರೇ ಮುಂದುವರಿಸಿದ್ರು: “ಎಪ್ಪತ್ತು ಪರ್ಸೆಂಟ್ ಕಾಲ್ ಇಂಥಾವ ಬರ್ತಾವ್ರೀ. ಬಿಲ್ ಆದಮ್ಯಾಲೆ ಆ ಊರಿಗೆ ಯಾರ್ ಬರ್ತಾರ? ಅಲ್ಲೇ ಒಬ್ಬಾಂವಗ ಹೇಳಿಕೊಟ್ರ ಮುಗೀತಲ್ಲ.”

ಲೇಖನ ಸಿಕ್ತು. ಪಂಪ್ ಹಾಕಿದ ದಿನವೇ ಊರಿನ ಒಬ್ಬರಿಗೆ ನೋಡಿಕೊಳ್ಳೋದು ಕಲಿಸಬೇಕು, ಅದೂ ಕಂಪನಿ ಖರ್ಚಲ್ಲಿ. ಒಂದೇ ವಾದ. ಅದನ್ನ ಒಪ್ಪದವರು ಅವರ ಲೈನಿನಲ್ಲೇ ಇದ್ದಾರೆ, ಅಂದ್ರೆ ಅದು ನಿಜವಾಗಲೂ ವಾದವೇ. ‘ಸೋಲಾರ್ ಮುಖ್ಯ’ ಅನ್ನೋದನ್ನ ಒಪ್ಪದವರು ಯಾರಿದ್ದಾರೆ ಹೇಳಿ?

3/5

ಈಗ ಆ ಎಪ್ಪತ್ತು ಪರ್ಸೆಂಟು. ಲೇಖನದ ಜೀವವೇ ಅದು. ಬಹಳ ಜನ ಅದನ್ನ ಹಾಗೇ ಎತ್ತಿ ಹೆಡಿಂಗಿಗೆ ಹಾಕ್ತಾರೆ, ನನ್ನ ತಕರಾರು ಇರೋದು ಅಲ್ಲೇ. ಮಾತಲ್ಲಿ ‘ಎಪ್ಪತ್ತು ಪರ್ಸೆಂಟ್’ ಅಂದ್ರೆ ‘ಬಹಳ’ ಅಂತ ಅರ್ಥ. ಬರಹಕ್ಕೆ ಇಳಿದ ತಕ್ಷಣ ಅದು ಲೆಕ್ಕ ಆಗುತ್ತೆ, ಲೆಕ್ಕಕ್ಕೆ ಜನ ಪುರಾವೆ ಕೇಳ್ತಾರೆ.

ರೆಕಾರ್ಡಿಂಗ್ ಪೂರ್ತಿ ಟೈಪ್ ಮಾಡಿ ಪ್ರಿಂಟ್ ತಗೊಂಡೆ. ಅವರು ಕಣ್ಣಾರೆ ಕಂಡಿದ್ದು, ಕೈಯಾರೆ ಮಾಡಿದ್ದು ಹಸಿರು. ಅವರ ನಂಬಿಕೆ, ಅಂದಾಜು ಹಳದಿ. ಯಾರು ಬೇಕಾದ್ರೂ ಹೇಳಬಹುದಾದ ಮಾತಿಗೆ ಬಣ್ಣ ಇಲ್ಲ. ಎರಡು ಸಾವಿರ ಚಿಲ್ಲರೆ ಪದದಲ್ಲಿ ಹಸಿರು ಬಿದ್ದಿದ್ದು ಮುನ್ನೂರಕ್ಕೆ. ಎಪ್ಪತ್ತು ಪರ್ಸೆಂಟ್ ಹಳದಿ.

ಮೇಡಂಗೆ ಮತ್ತೆ ಫೋನ್ ಮಾಡಿ, “ಕಂಪ್ಲೇಂಟ್ ಬರ್ಕೊಳ್ಳೋ ರಿಜಿಸ್ಟರ್ ಇದೆಯಾ?” ಅಂತ ಕೇಳಿದೆ. ಇತ್ತು. ಒಂದು ತಾಲ್ಲೂಕಿನ ಮೂರು ತಿಂಗಳ ಪುಟಗಳ ಫೋಟೋ ಕಳಿಸಿದ್ರು, ಇಬ್ಬರೂ ಫೋನಲ್ಲೇ ಕೂತು ಎಣಿಸಿದ್ವಿ. ಒಟ್ಟು 64 ಕಾಲ್. ಪ್ಯಾನೆಲ್ ಮೇಲೆ ಧೂಳು ಅಥವಾ ಮರದ ನೆರಳು 21. ಡ್ರೈ ರನ್ 17. ಎರಡೂ ಸೇರಿ 38, ಅಂದ್ರೆ ನೂರಕ್ಕೆ 59.

ಎಪ್ಪತ್ತಿಗಿಂತ ಕಮ್ಮಿ ಆಯ್ತು ಅಂತ ಮೇಡಂಗೆ ಸ್ವಲ್ಪ ಪೆಚ್ಚು. ಆದರೆ ನೋಡಿ, “ಎಪ್ಪತ್ತು ಪರ್ಸೆಂಟ್ ಕಂಪ್ಲೇಂಟ್ ಸುಳ್ಳು” ಅನ್ನೋದಕ್ಕಿಂತ “64 ಸಲ ಗಾಡಿ ಹತ್ತಿದ್ವಿ, 38 ಸಲ ಪಂಪ್ ಸರಿಯಾಗೇ ಇತ್ತು” ಅನ್ನೋದು ಎಷ್ಟು ಗಟ್ಟಿ. ಎರಡನೇದನ್ನ ಯಾರೂ ಕಟ್ಟಿ ಹೇಳಕ್ಕಾಗಲ್ಲ.

ಪುಟಗಳ ತಾರೀಖು ನೋಡಿದಾಗ ಇನ್ನೊಂದು ಕಾಣಿಸ್ತು: ಮಾರ್ಚ್‌ನಿಂದ ಮೇ. ಬೇಸಿಗೆಯಲ್ಲಿ ಬೋರ್‌ವೆಲ್ ನೀರು ಇಳಿಯುತ್ತೆ, ಡ್ರೈ ರನ್ ಜಾಸ್ತಿ ಬರುತ್ತೆ. ಮಳೆಗಾಲದಲ್ಲಿ ಈ ಲೆಕ್ಕ ನಿಲ್ಲದೇ ಇರಬಹುದು. ಹಾಗಾಗಿ ಲೇಖನದಲ್ಲಿ ‘ಒಂದು ತಾಲ್ಲೂಕು, ಈ ಬೇಸಿಗೆ’ ಅಂತ ಸೇರಿಸಿದ್ವಿ. ಅದು ನಾಲ್ಕೇ ಪದ. ಅದಿಲ್ಲದಿದ್ರೆ ಅದೇ ಲೈನಿನಲ್ಲಿರೋ ಯಾರಾದ್ರೂ ಓದಿ ನಕ್ಕುಬಿಡ್ತಿದ್ರು, ಹೋಗ್ತಿದ್ದಿದ್ದು ಮೇಡಂ ಮರ್ಯಾದೆ. ನನ್ನ ಹೆಸರು ಎಲ್ಲೂ ಇಲ್ವಲ್ಲ.

4/5

ಆ ಎರಡನೇ ಫೋನಲ್ಲಿ ಇನ್ನೊಂದು ಪ್ರಶ್ನೆ ಕೇಳಿದೆ. ನನ್ನ ಕೇಳಿದ್ರೆ, ಟೈಮ್ ಎಷ್ಟೇ ಕಮ್ಮಿ ಇದ್ರೂ ಬಿಡಬಾರದ ಪ್ರಶ್ನೆ ಇದು: “ಇದು ತಪ್ಪು ಅಂತ ಯಾರು ಹೇಳ್ತಾರೆ? ಅವರು ಏನಂತಾರೆ?”

ಮೇಡಂ ತಕ್ಷಣ ಹೇಳಿದ್ರು. ಊರಿನ ಹುಡುಗರು ಕೈ ಹಾಕಿದ್ರೆ ವಾರಂಟಿ ಹೋಗುತ್ತೆ, ಕರೆಂಟ್ ಹೊಡೆಯುತ್ತೆ ಅಂತ ಬೇರೆ ಕಂಪನಿಯವರು ಅಂತಾರೆ. “ಅದು ಖರೇನ ಐತ್ರೀ,” ಅಂದ್ರು. ಬಿಸಿಲಿರೋವರೆಗೂ ಪ್ಯಾನೆಲ್ ಕರೆಂಟ್ ಕೊಡ್ತಾನೇ ಇರುತ್ತೆ, ಓಡ್ತಿರುವಾಗ ವೈರ್ ಕೀಳೋಕೆ ಹೋದ್ರೆ ಕಿಡಿ ಹಾರುತ್ತೆ. ಅದಕ್ಕೇ ಅವರು ಕಲಿಸೋದು ಮೂರೇ ಕೆಲಸ: ಬೆಳಿಗ್ಗೆ ಗಾಜು ತಣ್ಣಗಿರುವಾಗ ಪ್ಯಾನೆಲ್ ತೊಳೆಯೋದು, ನೆರಳು ಬೀಳಿಸೋ ಕೊಂಬೆ ಕಡಿಯೋದು, ಕಂಟ್ರೋಲರ್ ಮೇಲೆ ಬಂದ ಕೋಡ್ ಓದಿ ಫೋನಲ್ಲಿ ಹೇಳೋದು. ವೈರ್ ಮುಟ್ಟಂಗಿಲ್ಲ, ಡಬ್ಬಿ ತೆಗೆಯಂಗಿಲ್ಲ.

ಇಡೀ ಲೇಖನದಲ್ಲಿ ಬೆಸ್ಟ್ ಪ್ಯಾರಾ ಇದೇ. ನೋಟ್ಸಲ್ಲಿ ಇದರ ಸುಳಿವೂ ಇರಲಿಲ್ಲ. ಎರಡನೇ ಫೋನ್ ಮಾಡದೆ ಕೂತಿದ್ರೆ ಆ ಜಾಗಕ್ಕೆ ‘ಗ್ರಾಮೀಣ ಯುವಕರ ಸಬಲೀಕರಣ’ ಅಂತ ಏನೋ ಬರ್ತಿತ್ತು. ಓದೋಕೆ ಚೆನ್ನಾಗೇ ಇರ್ತಿತ್ತು. ಆದರೆ ಮೇಡಂ ಯೋಚಿಸಿದ್ದು ಸಬಲೀಕರಣ ಅಲ್ಲ, ವೈರ್ ಮುಟ್ಟಬಾರದು ಅನ್ನೋದು.

ಇನ್ನೊಂದು ತೊಡಕು, ನಮ್ಮ ಕಡೆ ಎಲ್ಲರಿಗೂ ಎದುರಾಗೋದು. ಮಾತು ಕನ್ನಡದಲ್ಲಿ, ಲೇಖನ ಇಂಗ್ಲಿಷಲ್ಲಿ. “ಬಿಲ್ ಆದಮ್ಯಾಲೆ ಯಾರ್ ಬರ್ತಾರ?” ಅನ್ನೋದು ಇಂಗ್ಲಿಷಿಗೆ ಹೋಗುವಾಗ ‘ಆಫ್ಟರ್ ಸೇಲ್ಸ್ ಎಕೋಸಿಸ್ಟಂ ಕೊರತೆ’ ಆಗಿಬಿಡುತ್ತೆ. ಸಿಟ್ಟೂ ಹೋಯ್ತು, ಬಿಲ್ಲೂ ಹೋಯ್ತು, ರೈತನೂ ಹೋದ. ನಾನು ಮೊದಲು ಅವರ ಮಾತನ್ನ ಕನ್ನಡದಲ್ಲೇ ಜೋಡಿಸಿ, ವಾದ ನಿಂತ ಮೇಲೆ ಇಂಗ್ಲಿಷಿಗೆ ತರ್ತೀನಿ. ತರುವಾಗಲೂ ಬಿಲ್ ಬಿಲ್ಲಾಗೇ ಇರಬೇಕು, ಗಾಡಿ ಗಾಡಿಯಾಗೇ ಇರಬೇಕು. ಟೈಮ್ ಜಾಸ್ತಿ ಹಿಡಿಯುತ್ತೆ, ಹೌದು.

5/5

ಕರಡನ್ನ ಮೇಲ್ ಮಾಡಿ “ಓಕೆನಾ ಮೇಡಂ?” ಅಂತ ಕೇಳಿದ್ರೆ “ಓಕೆ, ಸೂಪರ್” ಅಂತಲೇ ಬರುತ್ತೆ. ಬ್ಯುಸಿ ಜನ, ಓದಿರಲ್ಲ. ಅದನ್ನ ನಾನು ಒಪ್ಪಿಗೆ ಅಂತ ಲೆಕ್ಕಕ್ಕೆ ಹಿಡಿಯಲ್ಲ. ಫೋನ್ ಮಾಡಿ ಒಂದೊಂದೇ ಪ್ಯಾರಾ ಓದಿ, ಕನ್ನಡದಲ್ಲಿ ಅರ್ಥ ಹೇಳಿ, ನಿಲ್ಲಿಸ್ತೀನಿ. ಹತ್ತು ನಿಮಿಷದ ಕೆಲಸ.

ಮೂರನೇ ಪ್ಯಾರಾದಲ್ಲಿ ‘ಕಂಪನಿಗಳು ರೈತರನ್ನು ಕೈಬಿಡುತ್ತಿವೆ’ ಅಂತ ಒಂದು ಸಾಲಿತ್ತು. ಅವರ ಸಿಟ್ಟಿನ ಮಾತಿಂದಲೇ ಬಂದಿದ್ದು. ಅಲ್ಲಿ ತಡೆದ್ರು. “ಹಂಗ ಬ್ಯಾಡ್ರೀ. ನಾವೂ ಕಂಪನೀನ. ಎರಡು ವರ್ಷದ ಹಿಂದ ನಾವೂ ಹೋಗತಿರಲಿಲ್ಲ.” ಆ ಸಾಲು ತೆಗೆದು, “ಎರಡು ವರ್ಷದ ಹಿಂದೆ ನಾವೂ ಹೋಗುತ್ತಿರಲಿಲ್ಲ” ಅನ್ನೋದನ್ನೇ ಹಾಕಿದ್ವಿ. ಆಮೇಲೆ ಎಷ್ಟೋ ಜನ ಮೇಡಂಗೆ ಫೋನ್ ಮಾಡಿ ಕೇಳಿದ್ದು ಆ ಒಂದು ಸಾಲಿನ ಬಗ್ಗೆ.

ಉಳಿದಿದ್ದು ‘ಫ್ಯೂಚರ್?’. ಎರಡೂ ಫೋನಲ್ಲಿ ಕೇಳಿದ್ದೆ. “ಗೊತ್ತಿಲ್ರೀ, ಮುಂದಿನ ಬ್ಯಾಸಗಿ ನೋಡೋಣು” ಅಂದಿದ್ರು. ಅವರ ಆಫೀಸಿನ ಮಾರ್ಕೆಟಿಂಗ್ ಹುಡುಗನಿಗೆ ಮಾತ್ರ ಕೊನೇಲಿ 2030ರ ಬಗ್ಗೆ ಒಂದು ಪ್ಯಾರಾ ಬೇಕಿತ್ತು, ಎಲ್ಲರ ಲೇಖನದಲ್ಲೂ ಇರುತ್ತಂತೆ. ಬರೆಯೋದು ನನಗೆ ಐದು ನಿಮಿಷದ ಕೆಲಸ. ಆದರೆ ಅದರಲ್ಲಿ ಹಸಿರು ಗೆರೆ ಬಿಡಿ, ಹಳದಿ ಗೆರೆಯ ಒಂದು ಪದವೂ ಇರ್ತಿರಲಿಲ್ಲ. ಪೂರ್ತಿ ನನ್ನ 2030, ಸಹಿ ಮಾತ್ರ ಅವರದು.

ಬರೀಲಿಲ್ಲ. 800 ಕೇಳಿದ್ದಕ್ಕೆ 640 ಪದ ಕಳಿಸಿದೆ. ಕಮ್ಮಿ ಆಯ್ತಲ್ಲ ಅಂತ ಹುಡುಗ ಗೊಣಗಿದ. ಮೇಡಂ ಓದಿ, ಅದೇ ರಿಜಿಸ್ಟರ್ ಪುಟದ ಫೋಟೋದಲ್ಲಿ ರೈತರ ಹೆಸರು, ನಂಬರು ಮುಚ್ಚಿ, ಲೇಖನದ ಕೆಳಗೆ ಹಾಕ್ಸಿದ್ರು.