ಒಂದೀಟ ತರ್ತೀರೇನ್ರಿ?

ನಮ್ಮ ಕಲ್ಲೋಳಿಯಲ್ಲಿ ಯಾರಾದರೂ ಗೋಕಾಕಕ್ಕೆ ಹೊರಟರೆ ಅವರ ಚೀಲ ಒಬ್ಬರದಷ್ಟೇ ಆಗಿರುವುದಿಲ್ಲ. ಒಬ್ಬರಿಗೆ ಗುಳಿಗಿ, ಇನ್ನೊಬ್ಬರಿಗೆ ಹೊಲಿಯಲು ಕೊಟ್ಟ ಜಂಪರ, ಮತ್ತೊಬ್ಬರಿಗೆ ಮೋಟರಿನ ಯಾವುದೋ ಸಣ್ಣ ಸಾಮಾನು. ಹೀಗೆ ಬೇರೆಯವರಿಗೆ ಕೆಲಸ ಹೇಳುವಾಗ ನಾವು ‘ದಯವಿಟ್ಟು’ ಅನ್ನುವುದೇ ಇಲ್ಲ. ಅದು ಬೋರ್ಡಿನ ಮೇಲಿನ ಮಾತು, ಅರ್ಜಿಯ ಮಾತು. ಪಕ್ಕದ ಮನೆಯ ವೈನಿಗೆ ಹಾಗಂದರೆ, ‘ಯಾಕವ್ವಾ, ನನ್ನ ಮ್ಯಾಲ ಸಿಟ್ಟೇನ?’ ಎಂದು ಕೇಳಿಯಾರು. ಹಾಗಾದರೆ ನಮ್ಮ ಮಾತಿನ ಮೆತ್ತನೆತನ ಎಲ್ಲಿದೆ?

ಗುಳಿಗಿಯನ್ನೇ ತೆಗೆದುಕೊಳ್ಳೋಣ. ತಮ್ಮನಿಗೆ ‘ಗುಳಿಗಿ ತಗೊಂಡ ಬಾರೋ’ ಅಂದರೆ ಮುಗಿಯಿತು. ಹಿರಿಯರಿಗೆ ‘ಕಾಕಾ, ಗುಳಿಗಿ ತಗೊಂಡ ಬರ್ರಿ’. ಈ ‘ರಿ’ ಬರವಣಿಗೆಯ ‘ಕೊಡಿರಿ, ಬನ್ನಿರಿ’ಯಲ್ಲಿರುವ ಗೌರವದ ‘ರಿ’ಯೇ. ಆದರೆ ಗೌರವ ಬೇರೆ, ಮೆತ್ತಗೆ ಕೇಳುವುದು ಬೇರೆ. ‘ಬರ್ರಿ’ಯಲ್ಲಿ ಗೌರವ ಇದ್ದರೂ ಅದು ಆಜ್ಞೆಯೇ, ಕಾಕಾಗೆ ಒಲ್ಲೆ ಅನ್ನಲು ಜಾಗವಿಲ್ಲ.

ಆ ಜಾಗ ಬರುವುದು ಪ್ರಶ್ನೆಯಿಂದ. ‘ಕಾಕಾ, ಒಂದೀಟ ಗುಳಿಗಿ ತರ್ತೀರೇನ್ರಿ?’ ಇಲ್ಲಿ ‘ಒಂದೀಟ’ ಗುಳಿಗಿಗೆ ಸೇರಿದ್ದಲ್ಲ, ತರುವ ಶ್ರಮಕ್ಕೆ ಸೇರಿದ್ದು. ‘ಒಂದೀಟ ಸಕ್ರಿ ಕೊಡ್ರಿ’ ಅಂದಾಗ ಸಕ್ಕರೆಯೇ ಸ್ವಲ್ಪ. ಗುಳಿಗಿಯ ಮಾತಿನಲ್ಲಿ ಸ್ವಲ್ಪ ಆಗುವುದು ಕಾಕಾನ ತ್ರಾಸು. ಚೀಟಿಯಲ್ಲಿ ಮೂವತ್ತು ಇದ್ದರೆ ಮೂವತ್ತೂ ಬರಬೇಕು!

ಇನ್ನೊಂದು ಮೆಟ್ಟಿಲು ಇಳಿದರೆ ಕಾಲವೇ ಬದಲಾಗುತ್ತದೆ. ‘ನಂದೊಂದೀಟ ಗುಳಿಗಿ ತರೂದಿತ್ತು ನೋಡ್ರಿ.’ ತರುವುದು ಇವತ್ತು ಇದೆ, ಆದರೂ ‘ಇತ್ತು’ ಅನ್ನುತ್ತೇವೆ. ಬೇಡಿಕೆಯನ್ನು ನಿನ್ನೆಗೆ ತಳ್ಳಿದ ಹಾಗೆ. ಇಲ್ಲಿ ‘ನೀವು’ ಎಂಬುದೇ ಇಲ್ಲ. ಕಾಕಾ ಬೇಕಾದರೆ ಎತ್ತಿಕೊಳ್ಳಬಹುದು, ಬೇಡವಾದರೆ ಬಿಡಬಹುದು.

ಎಲ್ಲಕ್ಕಿಂತ ಮೆತ್ತಗಿನದು ಕೇಳದೆ ಕೇಳುವುದು. ‘ಗೋಕಾಕಕ್ಕ ಹೊಂಟೀರೇನ್ರಿ?’ ಈ ಕಡೆಯವರಿಗೆ ಉತ್ತರ ಗೊತ್ತು: ‘ಹೌದವ್ವಾ, ಏನರ ತರೂದೈತೇನ?’ ಕೆಲಸವನ್ನು ಅವರೇ ಕೈಗೆತ್ತಿಕೊಂಡರು, ನಾವು ಕೇಳಲೇ ಇಲ್ಲ.

ತೊಡಕು ಬರುವುದೂ ಇಲ್ಲಿಯೇ. ನಮ್ಮ ಓಣಿಯ ಒಬ್ಬ ಅಜ್ಜಿಯ ಮನೆಗೆ ಮೈಸೂರು ಕಡೆಯಿಂದ ಸೊಸೆ ಬಂದಳು. ಅಜ್ಜಿ ಒಂದು ದಿನ ‘ಬಿಪಿ ಗುಳಿಗಿ ಮುಗದಾವ ನೋಡವ್ವಾ’ ಅಂದಳು. ಸೊಸೆ ‘ಹೌದಾ ಅತ್ತೆ?’ ಎಂದು ಪ್ರೀತಿಯಿಂದಲೇ ಕೇಳಿ ಒಳಗೆ ಹೋದಳು. ಅವಳಿಗೆ ಅದು ಸುದ್ದಿ, ಅಜ್ಜಿಗೆ ಅದು ಬೇಡಿಕೆ. ಎರಡು ದಿನ ಗುಳಿಗಿ ಇಲ್ಲದೆ ಕಳೆದವು, ಅಜ್ಜಿಯ ಮನಸ್ಸೂ ಮುರಿಯಿತು. ಮೂರನೆಯ ದಿನ ಅಜ್ಜಿ, ‘ನಾ ಹೇಳಿದ್ರೂ ನೀ ತರಂಗಿಲ್ಲೇನ?’ ಅಂದುಬಿಟ್ಟಳು. ‘ತರ್ತೀಯೇನ’ಗೂ ‘ತರಂಗಿಲ್ಲೇನ’ಗೂ ಎಷ್ಟು ದೂರ ನೋಡಿ! ಮೊದಲನೆಯದು ಕೇಳುತ್ತದೆ, ಎರಡನೆಯದು ದೂರುತ್ತದೆ. ಸೊಸೆಗೆ ಮೊದಲ ಬಾರಿ ಗುಳಿಗಿಯ ಮಾತು ಅರ್ಥವಾದದ್ದು ಬೈಗುಳವಾಗಿ.

ಆ ಸೊಸೆಯ ಕಷ್ಟ ಇನ್ನೊಂದಿತ್ತು. ಅವಳ ಕಿವಿಗೆ ನಮ್ಮ ‘ಕೊಡ್ರಿ, ಬರ್ರಿ’ ಗಡಸಾಗಿ ಕೇಳುತ್ತಿತ್ತು. ಅವರ ಕಡೆ ‘ಕೊಡಿ, ಬನ್ನಿ’ ರೂಢಿ; ‘ಏನ್ರೀ’ ಎಂದು ಎಳೆದರೆ ಕೆಲವೊಮ್ಮೆ ಸಿಟ್ಟಿನ ಛಾಯೆ ಬರುತ್ತದೆ. ನಮಗೆ ಮರ್ಯಾದೆಯಾದದ್ದು ಅವಳಿಗೆ ಜಬರಿಸಿದಂತೆ, ಅವಳ ‘ಸ್ವಲ್ಪ ಕೊಡಿ’ ನಮಗೆ ಪರಕೀಯರ ಮಾತಿನಂತೆ.

ಹೀಗಾಗಿ ಯಾವ ಮೆಟ್ಟಿಲು ಎಂಬುದನ್ನು ಎರಡು ನೋಡಿ ಆರಿಸಬೇಕು: ಎದುರಿನವರಿಗೆ ನಮ್ಮ ಸೂಚನೆ ತಿಳಿಯುತ್ತದೆಯೇ, ತಿಳಿಯದಿದ್ದರೆ ನಷ್ಟ ಎಷ್ಟು. ಜಂಪರ ನಾಳೆ ಬಂದರೂ ನಡೆಯುತ್ತದೆ, ಅದಕ್ಕೆ ‘ಹೊಂಟೀರೇನ್ರಿ’ ಸಾಕು. ಔಷಧಕ್ಕೆ ‘ತರ್ತೀರೇನ್ರಿ’ಗಿಂತ ಕೆಳಗೆ ಇಳಿಯಬಾರದು. ಉತ್ತರವನ್ನೂ ಅಳೆಯಬೇಕು. ‘ತರ್ತೀನ್ ತಗೋರಿ’ ಅಂದರೆ ತಂದರು. ‘ನೋಡೂಣ್ರಿ’, ‘ಹೊತ್ತ ಸಿಕ್ರ ತರ್ತೀನ್ರಿ’ ಅಂದರೆ ಅದು ಮೆತ್ತಗಿನ ‘ಇಲ್ಲ’ ಆಗಿರಬಹುದು, ಬೇರೆಯವರನ್ನೂ ಕೇಳಿಡಿ.

ಮತ್ತೆ, ಚೀಟಿಯನ್ನೂ ರೊಕ್ಕವನ್ನೂ ಅವರು ಹೊರಡುವ ಮೊದಲೇ ಕೈಯಲ್ಲಿಡಿ. ‘ನೀವ ಕೊಟ್ಟ ತರ್ರಿ, ಆಮ್ಯಾಲ ಕೊಡ್ತೀನಿ’ ಅಂದ ಮೇಲೆ ಎಷ್ಟು ‘ಒಂದೀಟ’ ಸೇರಿಸಿದರೂ ಕೆಲಸ ಒಂದೀಟ ಆಗುವುದಿಲ್ಲ.